ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು

ಮಕ್ತಲ್‌ನಲ್ಲಿ ನಾನು ನರ್ಸ್ ಆಗಿದ್ದ ಆಸ್ಪತ್ರೆಯವರು ಐಸಿಯು ಮುಚ್ಚಿದರು, ನನ್ನ ಕೆಲಸವೂ ಹೋಯಿತು. ನಾಲ್ಕು ತಿಂಗಳು ನಾರಾಯಣಪೇಟೆಯ ಮನೆಯಲ್ಲಿ ಫೋನು ಹಿಡಿದು ಕೂತೆ. ಕೆಲಸ ಹುಡುಕುವವರ ಆ್ಯಪ್‌ನಲ್ಲಿ ನನ್ನ ಪ್ರೊಫೈಲ್ ಇತ್ತು. ಆದರೆ ಒಬ್ಬರೂ ಕೇಳಲಿಲ್ಲ, ಒಬ್ಬರೂ. ಅನುಭವ ಆರು ವರ್ಷ, ಕರೆಯುವವರು ಸೊನ್ನೆ.

ನನ್ನ ಗಂಡ ಗೌಂಡಿ, ಗಾರೆ ಕೆಲಸದವನು. ದಾಮರಗಿದ್ದ ಕಡೆಯ ಮಂದಿಯನ್ನು ಕಟ್ಟಿಕೊಂಡು ವರ್ಷಕ್ಕೆ ಎಂಟು ತಿಂಗಳು ಪುಣೆಯಲ್ಲೇ ಇರುತ್ತಾನೆ. ಆ ಗುರುವಾರ ಊಟಕ್ಕೆ ಕೂತಾಗ ಹೇಳಿದ:

"ಸೋಮವಾರ ನಮ್ಮ ಗ್ಯಾಂಗು ಹೊಂಟೈತಿ. ಮಂದಿಗೆ ಅಡಿಗಿ ಮಾಡಾಕ ಒಬ್ರು ಬೇಕು. ನೀನೂ ಬಾ. ಇಲ್ಲಿ ಫೋನು ನೋಡ್ಕೊಂತ ಎಷ್ಟು ದಿನ ಕೂಡ್ತಿ?"

"ಸೋಮವಾರದ ಒಳಗ ಕೆಲಸ ಸಿಕ್ರ ಬರಂಗಿಲ್ರಿ" ಅಂದೆ.

"ಸಿಕ್ರ ಬ್ಯಾಡ" ಅಂದ. ಕೆಟ್ಟವನಲ್ಲ ಅವನು. ಆದರೆ ಒಮ್ಮೆ ಒಲೆ ಮುಂದೆ ಕೂತರೆ ನನ್ನನ್ನು ಮತ್ತೆ ಸಿಸ್ಟರ್ ಅನ್ನುವವರು ಯಾರೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮರುದಿನವೇ ಗದ್ವಾಲಿನ ಬಸ್ಸು ಹಿಡಿದೆ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಅಲ್ಲಿದ್ದರು, ಅಕ್ಕ ಅನ್ನುತ್ತೇನೆ. ಈಗ ಅವರು ಅಲ್ಲಿನ ಆಸ್ಪತ್ರೆಗೆ ನರ್ಸುಗಳನ್ನು ಆರಿಸುವ ಕೆಲಸದಲ್ಲೂ ಕೈಜೋಡಿಸುತ್ತಾರೆ. ಪ್ರೊಫೈಲ್ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ ಅನ್ನಿ. ನಮ್ಮಲ್ಲಿ ಸರ್ಟಿಫಿಕೇಟು ಕೈಗೆ ಬಂದರೆ ಮೊದಲು ಲ್ಯಾಮಿನೇಷನ್, ಆಮೇಲೆ ದೇವರ ಮುಂದೆ ಇಟ್ಟು ಕುಂಕುಮ. ಹಾಗೆ ಇಟ್ಟಾಗ ತೆಗೆದ ಫೋಟೊಗಳನ್ನೇ ಒಂದೊಂದಾಗಿ ಪೋಸ್ಟ್ ಮಾಡಿದ್ದೆ. ಮನೆದೇವರು ಬೀರಪ್ಪನ ಪಟವೂ ಅರ್ಧ ಕಾಣುತ್ತಿತ್ತು. ನಲವತ್ತು ಮಂದಿ ಕೆಳಗೆ ಕೈಮುಗಿದ ಚಿತ್ರ ಹಾಕಿದ್ದರು.

ಅಕ್ಕ ಹಣೆ ಬಡಿದುಕೊಂಡರು.

"ಆರಿಸೋರು ಸರ್ಟಿಫಿಕೇಟಿನ ಹೆಸರು ಟೈಪ್ ಮಾಡಿ ಹುಡುಕ್ತಾರ ತಂಗಿ. ಫೋಟೊದಾಗಿನ ಅಕ್ಷರ ಆ ಹುಡುಕಾಟಕ್ಕ ಸಿಗಂಗಿಲ್ಲ. ಲೈಸೆನ್ಸು, ಸರ್ಟಿಫಿಕೇಟು ಬರಿಯಾಕ ಬ್ಯಾರೆ ಜಾಗ ಐತಿ. ಅದು ಖಾಲಿ ಬಿಟ್ಟೀಯಲ್ಲ."

ನಾಲ್ಕು ತಿಂಗಳು! ನನಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಕೂತು ತುಂಬಿದೆವು. ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಮೊದಲು: ಕೊಟ್ಟವರ ಹೆಸರು, ಕೊಟ್ಟ ತಿಂಗಳು, ಗುರುತಿನ ಸಂಖ್ಯೆಯ ಜಾಗದಲ್ಲಿ ನೋಂದಣಿ ಸಂಖ್ಯೆ. ಆಮೇಲೆ ಬಿಎಲ್‌ಎಸ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸುವ ತರಬೇತಿ. "ಪೂರಾ ಹೆಸರೂ ಬರಿ, ಮೂರಕ್ಷರನೂ ಬರಿ. ಯಾರು ಯಾವುದು ಟೈಪ್ ಮಾಡ್ತಾರೋ" ಅಂದರು. ಲಿಂಕಿನ ಜಾಗಕ್ಕೆ ನನ್ನ ಫೋನಿನಲ್ಲಿ ಸರ್ಟಿಫಿಕೇಟು ತೆರೆದಿದ್ದ ಪುಟದ ವಿಳಾಸ ಹಾಕಿದೆ. ಅಕ್ಕ ತಮ್ಮ ಫೋನಿನಿಂದ ಒತ್ತಿದರೆ ಪಾಸ್‌ವರ್ಡ್ ಕೇಳಿತು. ನನ್ನ ಖಾತೆಯೊಳಗಿನ ಪುಟವದು, ಬೇರೆಯವರಿಗೆ ಬಾಗಿಲು ಹಾಕಿದ ಹಾಗೆ. ತರಬೇತಿ ಕೊಟ್ಟವರ ಸೈಟಿನಲ್ಲಿ ಯಾರು ಬೇಕಾದರೂ ತಾಳೆ ನೋಡುವ ಪುಟ ಹುಡುಕಿ ಅದರ ಲಿಂಕ್ ಹಾಕಿದೆವು.

ಕೊನೆಗೆ ಅವಧಿ ಮುಗಿಯುವ ತಿಂಗಳು. ಬಿಎಲ್‌ಎಸ್‌ಗೆ ಎರಡೇ ವರ್ಷ ಆಯುಸ್ಸು. ಈ ತಿಂಗಳಿಗೇ ಮುಗಿಯುತ್ತಿತ್ತು.

"ಖಾಲಿ ಬಿಡ್ಲೇನಕ್ಕಾ?"

"ಬಿಡಬಹುದು. ಆದ್ರ ಕೊಟ್ಟ ತಿಂಗಳು ಕಾಣ್ತೈತಿ. ಲಿಂಕ್ ಒತ್ತಿದ್ರ ಉಳಿದಿದ್ದೂ ಕಾಣ್ತೈತಿ. ಮುಚ್ಚಿಟ್ಟಾಳ ಅಂತಾರ."

ನಿಜವನ್ನೇ ಬರೆದೆ.

ಶನಿವಾರ ಮಧ್ಯಾಹ್ನವೇ ಆ್ಯಪ್‌ನಲ್ಲಿ ಸಂದೇಶ ಬಂತು, ರಾಯಚೂರಿನ ಆಸ್ಪತ್ರೆಯೊಂದಕ್ಕೆ ಜನ ಆರಿಸುವ ಹೆಣ್ಣುಮಗಳದು. ನಂಬರು ಕಳಿಸಿದೆ, ಕರೆ ಮಾಡಿದರು.

"ಮೂರು ತಿಂಗಳಿಂದ ಐಸಿಯುಕ್ಕ ಬಿಎಲ್‌ಎಸ್ ಇದ್ದೋರನ್ನ ಹುಡುಕ್ತಿದ್ವಿ. ನಿಮ್ಮ ಹೆಸರು ಇವತ್ತು ಬಂತು ನೋಡ್ರಿ. ಎಲ್ಲಿದ್ರಿ ಇಷ್ಟು ದಿನ?"

"ಇಲ್ಲೇ ಇದ್ದೆ ರೀ."

"ಎರಡು ಜಾಗ ಇದ್ವು. ಮೊನ್ನೆ ತುಂಬಿದ್ವು. ಮುಂದ ಬೇಕಾದೀತು ಅಂತ ನಿಮ್ಮ ಹೆಸರು ಬರಕೊಂಡೀನಿ, ಜಾಗ ಆದ್ರ ಕರೀತೀನಿ. ಸರ್ಟಿಫಿಕೇಟು ಮಾತ್ರ ಚಾಲ್ತಿ ಇಟ್ಕೋರಿ."

ಹೂಂ ಅಂದೆ. ಅಡುಗೆಮನೆಯ ಬಾಗಿಲಿಗೆ ಆತು ನಿಂತು ಅತ್ತುಬಿಟ್ಟೆ. ಗಂಡ ನೋಡಿ ಹೊರಗೆ ಹೋದ.

ಸೋಮವಾರ ಗ್ಯಾಂಗಿನ ಜೊತೆ ಬಸ್ಸು ಹತ್ತಿದೆ. ಪುಣೆಗೆ ಬಂದ ಮೇಲೆ ಸರ್ಟಿಫಿಕೇಟು ಚಾಲ್ತಿ ಇಡಲು ಹತ್ತಿರದ ಬಿಎಲ್‌ಎಸ್ ತರಗತಿ ವಿಚಾರಿಸಿದೆ. ಪೂರ್ತಿ ಒಂದು ದಿನ ಬೇಕು ಎಂದರು. ಮೂವತ್ತು ಮಂದಿಯ ಅಡುಗೆ ಬಿಟ್ಟು ಒಂದು ದಿನ ಎಲ್ಲಿಂದ ತರಲಿ?

ತಿಂಗಳು ತಿರುಗಿದ ಬೆಳಿಗ್ಗೆ ಹಿಟ್ಟಿನ ಕೈಯಲ್ಲೇ ಪ್ರೊಫೈಲ್ ತೆರೆದೆ. ಬಿಎಲ್‌ಎಸ್ ಕೆಳಗೆ 'ಅವಧಿ ಮುಗಿಯುವುದು' ಎಂದಿದ್ದದ್ದು 'ಅವಧಿ ಮುಗಿದಿದೆ' ಎಂದಾಗಿತ್ತು. ಲಿಂಕ್ ಒತ್ತಿದೆ. ಪುಟ ಯಾವ ಪಾಸ್‌ವರ್ಡೂ ಕೇಳದೆ ತೆರೆದು ಅದನ್ನೇ ಹೇಳಿತು. ಯಾರು ಬೇಕಾದರೂ ನೋಡಬಹುದಿತ್ತು.