ಅವರ ಷೇರು, ನಾನು ಬರೆದ ಕಾಲ್

ಅಮೆರಿಕಕ್ಕೆ ಬಂದ ಮೊದಲ ವರ್ಷವೇ ನನ್ನ ಗಂಡ ಒಂದು ಟ್ರಾಕ್ಟರ್ ಕಂಪನಿಯ ನೂರು ಷೇರು ಕೊಂಡಿದ್ದರು. ಕೊನೆಯ ತನಕ ಒಂದನ್ನೂ ಮಾರಲಿಲ್ಲ. ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಬಂದ ದಿನ ಕೊರಟಗೆರೆಯಲ್ಲಿರುವ ತಮ್ಮ ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಅತ್ತಿಗೆ ಬಸ್ಸು ಹತ್ತಿ ಗೊರವನಹಳ್ಳಿಯ ಗುಡಿಗೆ ಹೋಗಿ ಲಕ್ಷ್ಮಿಗೆ ಮಡಿಲಕ್ಕಿ ತುಂಬಿ ಬರುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ಆ ಫೋನ್ ನಾನು ಮಾಡತೊಡಗಿದೆ.

ಹೋದ ವರ್ಷ ನನಗೆ ಜಾಣತನ ಬಂತು. ಆ ಷೇರುಗಳ ಮೇಲೆ ಕಾಲ್ ಆಪ್ಷನ್ ಬರೆದೆ. ಅಂದರೆ, ಗೊತ್ತಾದ ಬೆಲೆಗೆ ಅವನ್ನು ಕೊಳ್ಳುವ ಹಕ್ಕನ್ನು ಯಾರಿಗೋ ಮಾರಿ ಪ್ರೀಮಿಯಂ ಇಸಕೊಂಡೆ. ಷೇರು ಆ ಬೆಲೆಯನ್ನು ದಾಟಿ ಬಹಳ ಮೇಲೇರಿತು. ಆ ಏರಿಕೆಯಲ್ಲಿ ನನಗೆ ಪಾಲಿಲ್ಲ. ಇರಲಿ, ವಾಯಿದೆಗೆ ಇನ್ನೂ ಎರಡು ವಾರವಿದೆ, ಡಿವಿಡೆಂಡ್ ಗಿಟ್ಟಲಿ, ಆಮೇಲೆ ಆ ಕಾಲ್ ವಾಪಸ್ ಕೊಂಡು ಷೇರು ಉಳಿಸಿಕೊಂಡರಾಯಿತು ಎಂದುಕೊಂಡೆ. ಹಕ್ಕು ಕೊಂಡವನು ವಾಯಿದೆಯವರೆಗೆ ಕಾಯಬೇಕಿಲ್ಲ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಡಿವಿಡೆಂಡ್‌ಗೆ ಅರ್ಹರಾಗುವ ಕೊನೆಯ ದಿನವೇ ಅವನು ಹಕ್ಕು ಚಲಾಯಿಸಿದ. ಮರುದಿನ ಬೆಳಿಗ್ಗೆ ಖಾತೆ ನೋಡಿದರೆ ಷೇರೂ ಅವನದು, ಡಿವಿಡೆಂಡೂ ಅವನದು. ಅದೇ ಕಂಪನಿಯ ಷೇರನ್ನು ಹೆಚ್ಚಿನ ಬೆಲೆಗೆ ಮತ್ತೆ ಕೊಳ್ಳಬಹುದಿತ್ತು. ಆದರೆ ನನ್ನ ಗಂಡ ಕೊಂಡಿದ್ದು ಅವಲ್ಲವಲ್ಲ!

ಕೆಲವು ವಾರಗಳ ಮೇಲೆ ಅತ್ತಿಗೆಯೇ ಫೋನ್ ಮಾಡಿದರು.

“ಯಾಕಮ್ಮ, ಈ ಸಲ ಫೋನೇ ಬರ್ನಿಲ್ಲ? ಅಕ್ಕಿ, ಬಳೆ ಎಲ್ಲಾ ತೆಗ್ದಿಟ್ಕೊಂಡು ಕುಂತಿವ್ನಿ. ನೀನು ‘ಬಂತು’ ಅಂದ್ರೆ ನನ್ನ ತಮ್ಮನೇ ಅಂದಂಗಾಯ್ತದೆ ಕಣಮ್ಮ.”

“ಬಂತು ಅತ್ತಿಗೆ,” ಎಂದೆ. “ಹೋಗಿ ಬನ್ನಿ.”