ಕಂಬಳಿಯಿಂದ ಎದ್ದವರು

ಗುರಣ್ಣನಂಥಾ ಸಂಶೇದ ಮನಷ್ಯಾನ್ನ ಗಡಹಿಂಗ್ಲಜ ಸೀಮ್ಯಾಗ ನೀವು ಹುಡುಕಿದ್ರೂ ಸಿಗಂಗಿಲ್ಲ ಬಿಡ್ರಿ. ಅಂಗಡಿಯಾವ ತೂಕಾ ಮಾಡೂಮುಂದ ತಕ್ಕಡಿ ಬಿಟ್ಟು ಅವನ ಬೆರಳ ನೋಡ್ತಿದ್ದ. ಪೂಜಾರಿ ಹಣಿಗೆ ಅರಿಷಿಣದ ಭಂಡಾರ ಹಚ್ಚಿದ್ರ, ಇದರಾಗ ಹಿಟ್ಟ ಕೂಡಿಸ್ಯಾನೋ ಏನೋ ಅಂತ ಬೆರಳಿಂದ ಒರಿಸಿ ಮೂಸತಿದ್ದ. "ನಿಮಗ ನಿಮ್ಮ ನೆರಳಿನ ಮ್ಯಾಲರ ನಂಬಿಕಿ ಐತೇನ್ರಿ?" ಅಂತ ಹೆಂಡ್ತಿ ಚೆನ್ನವ್ವ ಒಮ್ಮೆ ಕೇಳಿದ್ಲು. "ನಡು ಮಧ್ಯಾಹ್ನ ಅದು ಎಲ್ಲಿ ಅಡಗತೈತಿ, ನಿನಗ ಗೊತ್ತೈತೇನು?" ಅಂದ. ಹಿಂಥಾವನ ಕಣ್ಣು ತಪ್ಪಿಸಿ ಯಾವ ಕಳ್ಳ ಹೋದಾನು ಅಂತ ಹೇಳಿ ಅವನ ವಾಡಿಯ, ಆ ಸಣ್ಣ ಹಳ್ಳಿಯ, ಕುರುಬರು ಅವನ್ನ ಹಿರೇ ಪಂಚ ಮಾಡಿ ಕುಂದ್ರಿಸಿದ್ರು.

ಅವರ ವಾಡಿಯೊಳಗ ಒಂದು ಪದ್ಧತಿ ಇತ್ತು. ಯಾರ ಮ್ಯಾಲರ ಅಪವಾದ ಬಂದ್ರ ಬೀರಪ್ಪ ದೇವರ ಕಟ್ಟಿ ಮುಂದ ಕರೇ ಕಂಬಳಿ ಹಾಸತಿದ್ರು. ಅಪವಾದ ಬಂದಾವ ಮುಟಗಿಯೊಳಗ ಭಂಡಾರ ಹಿಡಕೊಂಡು ಅದರ ಮ್ಯಾಲ ಕುಂದ್ರಬೇಕು, ಪಂಚರ ಮಾತು ಮುಗಿಯೂತನಾ ಏಳಬಾರದು. ಎದ್ದರ ದೇವರು ಅವನ್ನ ಹಿಡದು ಕುಂದ್ರಿಸಲಿಲ್ಲ, ಅವಾ ಸುಳ್ಳ ಅಂತ ಲೆಕ್ಕ. ಗುರಣ್ಣಗ ಈ ಪದ್ಧತಿ ಮ್ಯಾಲ ಭಾಳ ಭರೋಸ. ಮಂದಿ ಬಾಯಿ ಸುಳ್ಳ ಹೇಳತೈತಿ, ಕುಂಡಿ ಹೇಳಂಗಿಲ್ಲ ಅಂತಿದ್ದ.

ಮುಂಬೈ ರಾಜ್ಯ ಒಡದು ಮಹಾರಾಷ್ಟ್ರ ಆದ ಮರುವರ್ಷ, ಚಳಿಗಾಲದಾಗ, ಆ ಕಂಬಳಿ ಮ್ಯಾಲ ಕೃಷ್ಣಾತ ಬಂದು ಕುಂತ. ಕೃಷ್ಣಾತ ಅಂದ್ರ ಮಗ್ಗಲ ಮನಿ ನಾಗೂಬಾಯಿ ಮಗ. ಸಣ್ಣ ವಯಸ್ಸು, ಮಾತು ಕಡಿಮಿ, ಯಾರರ ಗಟ್ಟಿಯಾಗಿ ಕರದ್ರ ಬೆಚ್ಚಿ ಬೀಳಾವ. ಎಲ್ಲಾರ ಕುರಿ ಕೂಡಿ ಚಂದಗಡದ ಕಡೆ ಮೇಯಾಕ ಹೋದಾಗ ಅವಾ ಕಾವಲ ಇದ್ದ ದಿನ ಗುರಣ್ಣನ ಟಗರು ಕಾಣಿಯಾತು. ಅಡವ್ಯಾಗ ಹೋತೋ, ತೋಳ ಒಯ್ತೋ, ಯಾರಿಗೂ ಗೊತ್ತಿಲ್ಲ. ಗುರಣ್ಣಗ ಮಾತ್ರ ಗೊತ್ತಿತ್ತು. "ಜಯಸಿಂಗಪುರದ ಸಂತ್ಯಾಗ ಮಾರ್ಯಾನ" ಅಂದ. ನೋಡಿದವರು ಯಾರಪಾ ಅಂದ್ರ ಯಾರೂ ಇಲ್ಲ.

ಕೃಷ್ಣಾತ ಕಂಬಳಿ ಮ್ಯಾಲ ಕುಂತ. ಮಾತ ಸುರು ಆಗೂದೇ ತಡ, "ಕಾಕಾ, ಒಂದೀಟು ಹೊರಗ ಹೋಗಿ ಬರ್ತೇನ್ರಿ" ಅಂದ. ಎದ್ದು ಬೇಲಿ ಕಡೆ ಹೋಗಿ ಬಂದ. ಕುಂತು ಕಂಬಳಿ ಬೆಚ್ಚಗಾಗಿಲ್ಲ, ಮತ್ತ ಎದ್ದ. ಹೊಳ್ಳಿ ಬಂದು ಕುಂತ, ಮತ್ತ ಎದ್ದ. ಆ ಸಲ ಮುಟಗಿ ಭಂಡಾರ ಸುರದು ಹಾದಿ ತುಂಬ ಹಳದಿ ಆತು. ಕುಂತ ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ಮಲಕವ್ವ ಅನ್ನೂ ಮುದುಕಿ ಸೆರಗ ಬಾಯಿಗೆ ಹಿಡಕೊಂಡು, "ದೇವರು ಹೊರಗ ದಬ್ಬಾಕತ್ತಾನವ್ವಾ" ಅಂದ್ಲು. ಗುರಣ್ಣ ಎದಿ ಉಬ್ಬಿಸಿ ಹೇಳಿದ: "ಮುಗೀತು. ನಾ ಹೇಳೂದೇನೂ ಇಲ್ಲ, ಅವನ ಉಚ್ಚೀನ ಹೇಳೇತಿ."

ಅವತ್ತಿನಿಂದ ಕೃಷ್ಣಾತನ ಕುರಿ ಯಾರೂ ತಮ್ಮ ಹಿಂಡಿನಾಗ ಕೂಡಿಸಿಕೊಳ್ಳಲಿಲ್ಲ. ಒಬ್ಬಂಟಿಯಾಗಿ ಕುರಿ ಕಾಯೂದು ಅಂದ್ರ ಏನಂತ ಕಾದವರಿಗೇ ಗೊತ್ತು. ತೋಳ ಬಂದ್ರ ಕೂಗಿದ್ರೂ ಓ ಅನ್ನಾವರಿಲ್ಲ. ಕಡೀಕ ಬೇಸತ್ತು, ಬರೂ ಸಂತ್ಯಾಗ ಇದ್ದಬದ್ದ ಕುರಿ ಮಾರಿ ಇಚಲಕರಂಜಿಗೆ ಹೋಗಿ ಮಗ್ಗದ ಕೆಲಸಕ್ಕ ಸೇರ್ತೇನಿ ಅಂದ. ನಾಗೂಬಾಯಿ ಗುರಣ್ಣನ ಬಾಗಲಕ್ಕ ಬಂದು ಅತ್ತು ಹೋದ್ಲು. "ಕಳ್ಳ ಊರ ಬಿಡೂದು ಹೊಸಾದೇನಲ್ಲ" ಅಂದ ಗುರಣ್ಣ. ಚೆನ್ನವ್ವ ಅವತ್ತ ಅವನ ತಾಟಿಗೆ ರೊಟ್ಟಿ ಒಗದು ಹೊರಗ ಹೋದ್ಲು.

ಸಂತಿ ಇನ್ನ ಎರಡು ದಿನ ಐತಿ ಅನ್ನೂದ್ರಾಗ ಗುರಣ್ಣಗ ಗಡಹಿಂಗ್ಲಜ ಕೋರ್ಟಿನಾಗ ಸಾಕ್ಷಿ ಹೇಳೂ ದಿನ ಬಂತು. ಸಂಕೇಶ್ವರ ಹಾದ್ಯಾಗ ಒಂದು ಲಾರಿ ಹಿಂಡಿನಾಗ ನುಗ್ಗಿ ಕುರಿ ಕೊಂದಿತ್ತು, ಅದನ್ನ ಕಣ್ಣಾರೆ ಕಂಡಾವ ಗುರಣ್ಣ. ಖರೇ ಹೇಳಾಕ ಏನ ಭಯ? ಹೊಸಾ ರುಮಾಲ ಸುತ್ತಿಕೊಂಡು ಹೋದ. ನಡುವ ಹೊರಗ ಹೋಗೂದು ಬ್ಯಾಡ ಅಂತ ಮುಂಜಾನಿಂದ ಒಂದು ಗುಟುಕ ನೀರ ಸೈತ ಕುಡಿಲಿಲ್ಲ. ಕೋರ್ಟಿನ ಪಡಸಾಲ್ಯಾಗ ಲಾರಿ ಮಾಲಕನ ಮನಷ್ಯಾ ಒಬ್ಬಾವ ಚಾ ತಂದು ಕೊಟ್ಟ. ಬ್ಯಾಡ ಬ್ಯಾಡ ಅಂದ್ರೂ ಕೈಯಾಗ ಇಟ್ಟ. ಗುರಣ್ಣ ಮೂಸಿ ನೋಡಿ ಕುಡದ.

ಕರೀ ಕೋಟಿನ ವಕೀಲರು ಒಳಗ ಹೋಗೂದು ಬರೂದು ನೋಡಿದ. ಹೊಟ್ಟಿ ಕೆಳಗ ಏನೋ ಒತ್ತಿದಂಗಾತು. ಹಿಂದಿನ ಬೇವಿನ ಗಿಡದ ಕಡೆ ಹೋಗಿ ಕುಂತ. ಬಂದದ್ದು ನಾಕ ಹನಿ. ಎದ್ದು ಬಂದು ಕುಂತ ಕೂಡಲೆ ಮತ್ತ ಹಂಗ. ಮತ್ತ ಹೋದ. ಮತ್ತ ನಾಕ ಹನಿ. ಎಲಾ ಇವನ, ಆ ಚಾದಾಗ ಏನೋ ಹಾಕ್ಯಾರ! ಕೋರ್ಟಿನ ಜವಾನ, ಪಟ್ಟೇವಾಲಾ, ಒಳಗಿಂದ "ಗುರಣ್ಣಾ" ಅಂತ ಹೆಸರ ಕೂಗೂಮುಂದ ಅವಾ ಗಿಡದ ಬುಡಕನ ಇದ್ದ, ಧೋತರದ ಕಚ್ಚಿ ಹಾಕ್ಕೋತ ಓಡಿ ಬಂದ.

ಸಾಕ್ಷೀ ಕಟಕಟ್ಯಾಗ ನಿಂತು ಬಾಯಿ ತೆಗಿಯೂದ್ರಾಗ ಲಾರಿಯವರ ವಕೀಲ ಎದ್ದ. "ಸಾಹೇಬ, ಹಾ ಸಾಕ್ಷೀದಾರ ಸಾರಖಾ ಬಾಹೇರ ಜಾತೊ. ಕುಣಾಲಾ ಭೇಟತೊ?" ಅಂದ. ಇವಾ ಒಂದೇ ಸವನ ಹೊರಗ ಹೋಗ್ತಾನ, ಯಾರನ್ನ ಭೆಟ್ಟಿ ಆಗ್ತಾನ, ಅಂತ. "ಗಿಡದ ಹಿಂದ ನಿಂತು ಯಾರೋ ಪಾಠಾ ಹೇಳಿಕೊಡಾಕತ್ತಾರ" ಅಂತನೂ ಸೇರಿಸಿದ. ಗುರಣ್ಣನ ಕಿವಿ ಕಾದು ಹೋದ್ವು. ಕೆಳಗ ಮತ್ತ ಒತ್ತಾಕ ಹತ್ತಿತು. ಈಗ ಹೊರಗ ಹೋಗಲೇನ್ರಿ ಅಂದ್ರ ಮುಗೀತು, ಸುಳ್ಳಗಾರ ಅಂತ ಶಿಕ್ಕಾ ಬಿದ್ದಂಗ.

ನ್ಯಾಯಾಧೀಶರು ಬೈಯಲಿಲ್ಲ. ಪಟ್ಟೇವಾಲಾನ ಕಡೆ ಹೊಳ್ಳಿ, ಗಿಡದ ಹತ್ರ ಬ್ಯಾರೆ ಯಾರರ ಇದ್ರೇನು ಅಂತ ಕೇಳಿದ್ರು. "ಯಾರೂ ಇಲ್ಲ ಸಾಹೇಬ್ರ, ಪಾಪ ಒಬ್ಬನ ಹೋಗ್ತಾನ, ಕುಂದರತಾನ, ಬರ್ತಾನ" ಅಂದ ಅವಾ. ಮಂದಿ ಕಿಸಕ್ಕಂತ ನಕ್ಕರು. ಗುರಣ್ಣ ಹೆಂಗೋ ತಡಕೊಂಡು ಕಂಡದ್ದು ಕಂಡಂಗ ಹೇಳಿ ಇಳದು ಬಂದ. ಹೊರಗ ಬಂದವಗ ಖುಷಿ ಆಗಬೇಕಿತ್ತು. ಆಗಲಿಲ್ಲ. ಆ ಸಾಹೇಬ್ರು ಒಂದು ಮಾತು ಕೇಳಿ ನೋಡಿದ್ರು. ನಾ ಕೃಷ್ಣಾತನ ಬಗ್ಗೆ ಯಾರನ್ನ ಏನ ಕೇಳಿದ್ದೆ? ಥೂ, ಅದು ಬ್ಯಾರೆ ಇದು ಬ್ಯಾರೆ ಅಂತ ತಲಿ ಝಾಡಿಸಿದ. ನಾನರ ಚಾ ಕುಡದೇನಿ.

ಸೀದಾ ಪೇಟ್ಯಾಗಿನ ಧರಣೇಂದ್ರ ಡಾಕ್ಟರ ಕಡೆ ಹೋದ. "ನನಗ ಮದ್ದ ಹಾಕ್ಯಾರ್ರಿ" ಅಂದ. ಡಾಕ್ಟರು ನಗಲಿಲ್ಲ. ಎಲ್ಲಾ ಕೇಳಿದ್ರು: ಉರಿ ಐತೇನು, ಜ್ವರಾ ಐತೇನು, ರಕ್ತ ಹೋಗತೈತೇನು, ಬಾಯಾರಿಕಿ ಭಾಳೇನು. ಇಲ್ಲ. ರಾತ್ರಿ ಎಷ್ಟ ಸಲ ಏಳ್ತೀರಿ? ಏಳಂಗಿಲ್ರಿ. ಕುರಿ ಹಿಂದ ಇದ್ದಾಗ? ಕುರಿ ಹಿಂದ ಇದ್ದಾಗ ನೆನಪ ಸೈತ ಆಗಂಗಿಲ್ಲ. ಒಂದು ಸೀಸೇದಾಗ ಉಚ್ಚಿ ಹಿಡಿಸಿ, ನೀಲಿ ಔಷಧದಾಗ ಹನಿ ಹಾಕಿ ದೀಪದ ಮ್ಯಾಲ ಕಾಯಿಸಿದ್ರು. ನೀಲಿ ನೀಲೀನ ಉಳೀತು. "ಸಕ್ಕರಿ ಇಲ್ಲ. ಮದ್ದೂ ಇಲ್ಲ. ಇದು ಹೆದರಿಕಿ" ಅಂದ್ರು.

"ನಾ ಹೆದರಾವಲ್ರಿ!"

"ನೀವಲ್ಲ, ನಿಮ್ಮ ಮೈ. ಕುರಿ ಕೊಯ್ದಾಗ ಉಚ್ಚಿಬುಡ್ಡಿ ನೋಡಿರಲ್ಲ? ನಮ್ಮದೂ ಹಂಗ, ಹಿಗ್ಗೂ ಚೀಲ. ಅದು ತುಂಬೂಮುಂದ ತಲಿಗೆ ಸುದ್ದಿ ಕಳಸತೈತಿ. ಬ್ಯಾರೆ ದಿನ ತಲಿ, ಇರಲಿ ತಡಿ, ಅಂತ ಸುಮ್ಮನ ಕುಂದ್ರಸತೈತಿ. ಹೆದರಿದಾಗ ಮೈಯೆಲ್ಲಾ ಎಚ್ಚರ ಆಗತೈತಿ, ಎದಿ ಬಡೀತೈತಿ, ಆ ಚೀಲಾನೂ ಬಿಗೀತೈತಿ. ನಾಕ ಹನಿ ಇದ್ರೂ ತುಂಬೇತಿ ಅನಸತೈತಿ. ಮತ್ತ ಬರ್ತೈತೇನೋ ಅಂತ ಅದನ್ನ ನೆನೆದಷ್ಟೂ ಹೆಚ್ಚ. ಮ್ಯಾಲ ನೀವು ನೀರ ಬಿಟ್ರಿ, ಉಚ್ಚಿ ಗಟ್ಟಿ ಆಗಿ ಚೀಲಕ್ಕ ಚುಚ್ಚತೈತಿ. ಚಾ ಬ್ಯಾರೆ ಕುಡದ್ರಿ."

"ಖರೇ ಹೇಳಾಕ ಹೋದಾವಗ ಹೆದರಿಕಿ ಯಾಕ್ರಿ?" ಗುರಣ್ಣ ಇನ್ನೂ ಡಾಕ್ಟರ ಮಾರೀನ ಗುರುಗುಟ್ಟಿ ನೋಡಾಕತ್ತಿದ್ದ, ಇವರೂ ಲಾರಿಯವರ ಕಡೆಯವರೇನೋ ಅಂತ.

"ಮೈಗೆ ಖರೇ ಸುಳ್ಳ ತಿಳಿಯಂಗಿಲ್ರಿ, ಗಂಡಾಂತರ ಅಷ್ಟ ತಿಳೀತೈತಿ. ನೀವು ಉಣ್ಣೆ ಕತ್ತರಿಸಾಕ ಕುರಿ ಹಿಡದು ಕೆಡವತೀರಲ್ಲ, ಆಗ ಅದು ಏನ ಮಾಡತೈತಿ?"

"ಉಚ್ಚಿ ಹೊಯ್ಕೋತೈತಿ."

"ಅದೇನ ಕಳವ ಮಾಡಿರ್ತೈತೇನು?"

ಡಾಕ್ಟರು ಇನ್ನೂ ಏನೇನೋ ಹೇಳಾಕತ್ತಿದ್ರು: ನೀರ ಬಿಡಬ್ಯಾಡ್ರಿ, ಹಂಥಾ ದಿನ ಚಾ ಕಡಿಮಿ ಮಾಡ್ರಿ, ಉಸರ ಸಾವಕಾಶ ಬಿಡ್ರಿ, ಉರಿ ಜ್ವರಾ ಬಂದ್ರ ಹೊಳ್ಳಿ ಬರ್ರಿ. ಗುರಣ್ಣನ ಕಿವಿಗೆ ಬಿದ್ದದ್ದು ಅರ್ಧ. ಕಣ್ಣ ಮುಂದ ಹಾದಿ ತುಂಬ ಚೆಲ್ಲಿದ ಭಂಡಾರ ಇತ್ತು.

ಮನಿಗೆ ಬರೂತನಾ ತನ್ನ ಜೋಡಿ ತಾನ ಜಗಳಾಡಿದ. ಕೃಷ್ಣಾತ ಟಗರು ಕದ್ದಿರಾಕೂ ಸಾಕು. ಆದ್ರ ಎದ್ದದ್ದಕ್ಕ ಅವಾ ಕಳ್ಳ ಆದ್ರ, ಇವತ್ತ ನಾನೂ ಪಾಠಾ ಹೇಳಿಸಿಕೊಂಡ ಸುಳ್ಳ ಸಾಕ್ಷಿನ. ನಾ ಸುಳ್ಳ ಹೇಳಿಲ್ಲ, ಅದು ನನಗ ಗೊತ್ತೈತಿ. ಹಂಗಾದ್ರ? ಯಾವ ಕಡೆ ಹೊಳ್ಳಿದ್ರೂ ಈ ಸಂಶೆ ಬೆನ್ನ ಬಿಡಲಿಲ್ಲ, ಮತ್ತ ಈ ಸಲ ಅದು ಅವನ ಮ್ಯಾಲನ ಇತ್ತು.

ಸಂತಿಯ ಹಿಂದಿನ ದಿನ ಮುಂಜಾನೆ ವಾಡಿ ಮಂದೀನ್ನ ಬೀರಪ್ಪನ ಕಟ್ಟಿಗೆ ಕರಿಸಿದ. ತಾನ ಕಂಬಳಿ ಹಾಸಿದ, ಭಂಡಾರ ಹಿಡಕೊಂಡು ತಾನ ಅದರ ಮ್ಯಾಲ ಕುಂತ. ಯಾರಿಗೂ ಏನೂ ತಿಳೀಲಿಲ್ಲ. ಕೃಷ್ಣಾತ ದೂರ ಬೇಲಿ ಹತ್ರ ನಿಂತಿದ್ದ. "ನಾ ಮಾಡಿದ ನ್ಯಾಯ ತಪ್ಪೈತಿ" ಅಂದ ಗುರಣ್ಣ, ಕೋರ್ಟಿನ ಸುದ್ದಿ ಹೇಳಿದ, ಡಾಕ್ಟರ ಮಾತ ಹೇಳಿದ, ನಗಾವರು ನಗಲಿ ಅಂತ ಬೇವಿನ ಗಿಡದ್ದೂ ಹೇಳಿದ. ಹೇಳೂದ್ರಾಗ ಎದಿ ಡವಡವ ಅಂತು. ಅಯ್ಯ ಇದರ, ಕೆಳಗ ಒತ್ತಾಕ ಹತ್ತಿತು! ಮುಂಜಾನೆ ಹೋಗಿ ಬಂದೇನಿ, ಚೀಲಾ ಖಾಲಿ ಐತಿ ಅಂತ ಗೊತ್ತಿದ್ರೂ ಒತ್ತತಿತ್ತು. ಉಸರ ಸಾವಕಾಶ ಬಿಟ್ಟ. ತಡಕೊಂಡ. ಆಗಲಿಲ್ಲ. ಎದ್ದ.

ಹಿರೇ ಪಂಚ ಕಂಬಳಿಯಿಂದ ಎದ್ದ! ಮಲಕವ್ವ ಬಾಯಿಗೆ ತಂದ ಸೆರಗ ಹೊಳ್ಳಿ ಕೆಳಗ ಬಿಟ್ಲು. ಗುರಣ್ಣ ಆ ಎಲ್ಲಾರ ಕಣ್ಣ ನಡುವ ಬೇಲಿ ಕಡೆ ನಡೀಬೇಕಾತು. ಕೃಷ್ಣಾತ ಅವತ್ತ ನಡದ ಹಾದಿ ಅದು. ಇಷ್ಟ ದೂರ ಇತ್ತೇನು ಅಂತ ಅನಿಸಿ ಅವಗ ಅಳು ಬಂತು.

"ತಡೀ ಕಾಕಾ, ನಾನೂ ಬರ್ತೇನಿ" ಅಂದ ಕೃಷ್ಣಾತ.

ಇಬ್ಬರೂ ಬೇಲಿ ಮರಿಗೆ ಮಗ್ಗಲ ಮಗ್ಗಲಕ ಕುಂತ್ರು. ಇಬ್ಬರಿಗೂ ಬಂದದ್ದು ನಾಕ ಹನಿ. "ಕೃಷ್ಣಾತ, ಟಗರು ನೀ ಒಯ್ದಿಲ್ಲ ಹೌದಲ್ಲೋ?" ಅಂತ ಗುರಣ್ಣ ಕೇಳಿದ. ಅದನ್ನ ಅವಾ ಇಷ್ಟ ದಿನ ಕೇಳಿರಲೇ ಇಲ್ಲ.

"ಇಲ್ಲ ಕಾಕಾ."

ಗುರಣ್ಣ ಅವನ ಮಾರಿ ನೋಡಲಿಲ್ಲ, ಕೈ ನೋಡಲಿಲ್ಲ. ಧೋತರ ಸರಿ ಮಾಡಿಕೊಂಡು ಎದ್ದ. "ನಾಳೆ ಸಂತಿಗೆ ಹೋಗಬ್ಯಾಡ. ಕುರಿ ನನ್ನ ಹಿಂಡಿನಾಗ ಹೊಡಿ" ಅಂದ.