ಮಗ್ಗ ನಿಂತಾಗ ಹೇಳಿದ ಮಾತು

ಗಲಗಲಿಗೆ ಮದುವೆಯಾಗಿ ಹೋದ ನನ್ನ ಬಾಲ್ಯದ ಗೆಳತಿಯ ಗಂಡ ತೀರಿಕೊಂಡಾಗ ನಾನು ಬನಹಟ್ಟಿಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಿದ್ದಿದ್ದೆ. ಮಣ್ಣಿಗೆ, ಕೊನೆಯ ಸಲ ಮುಖ ನೋಡಲಿಕ್ಕೆ, ಹೋಗಲಾಗಲಿಲ್ಲ. ನಮ್ಮ ಕಡೆ ಮದುವೆಗೆ ಹೋಗದವರನ್ನು ಜನ ಮರೆಯುತ್ತಾರೆ, ಮಣ್ಣಿಗೆ ಹೋಗದವರನ್ನು ಮರೆಯುವುದಿಲ್ಲ. ಗೋಡೆಗೆ ಗೋಡೆ ಹಚ್ಚಿದ ಮನೆಗಳಲ್ಲಿ ಬೆಳೆದವರು ನಾವು. ಅಷ್ಟು ವರ್ಷದ ಗೆಳೆತನದಲ್ಲಿ 'ಅಕಿ ಬರಲಿಲ್ಲ' ಅನ್ನುವುದೊಂದೇ ಉಳಿದರೆ ಹೇಗೆ ಎಂದು ನನಗೆ ಹೆದರಿಕೆಯಾಯಿತು.

ಫೋನ್ ಮಾಡಿದೆ. ಅವಳ ಸೊಸೆ ಎತ್ತಿದಳು. "ಅತ್ತಿ ಯಾರ ಫೋನೂ ಒಲ್ಲೆ ಅಂತಾರ್ರಿ ಚಿಗವ್ವಾ. ಹಲೋ ಅನ್ನೂದ್ರಾಗ ಅಳು ಒತ್ತಿ ಬರ್ತದ."

"ಎರಡು ಸಾಲು ಟೈಪ್ ಮಾಡಿ, ಕೈ ಮುಗಿಯೂ ಚಿತ್ರ ಹಚ್ಚಿ ಕಳಸಬೇ" ಎಂದ ನನ್ನ ಮಗ. ಯಾರಿಗೆ ಕಳಿಸುವುದು? ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು ಆಕೆ. ಸೊಸೆ ಓದಿ ಹೇಳಬೇಕು, ನನ್ನ ದುಃಖ ಸೊಸೆಯ ದನಿಯಲ್ಲಿ ಅವಳಿಗೆ ಮುಟ್ಟಬೇಕು. ಆದರೆ ನನ್ನ ಫೋಟೋ ಗುರುತು ಹಿಡಿದು, ವಾಯ್ಸ್ ಮೆಸೇಜಿನ ಬಾಣದ ಗುರುತು ಒತ್ತುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಫೋನ್ ಆದರೆ ಆಗಲೇ ಉತ್ತರ ಕೊಡಬೇಕು, ಇದನ್ನು ಮನಸ್ಸು ಬಂದಾಗ ಕೇಳಬಹುದು.

ನಮ್ಮ ಕರೆಂಟ್ ಮಗ್ಗದ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಮಂಚದ ಮೇಲೆ ಕೂತು ಮಾತಾಡಿದೆ. ಆರು ನಿಮಿಷ! ಮೊದಲು ಅತ್ತುಬಿಟ್ಟೆ. ನಮ್ಮಪ್ಪ ಸತ್ತದ್ದನ್ನು ಹೇಳಿದೆ. ದವಾಖಾನೆಗೆ ಯಾಕೆ ತಡಮಾಡಿದಿರಿ, ಮುಧೋಳಕ್ಕೆ ಒಯ್ಯಬೇಕಿತ್ತಲ್ಲ, ಹೇಗಾಯಿತು ಎಲ್ಲ ಬಿಡಿಸಿ ಹೇಳು ಎಂದೆ. ಕಳಿಸಿ ಹಗುರಾದೆ.

ಮರುದಿನ ಸೊಸೆಯೇ ಫೋನ್ ಮಾಡಿದಳು. "ಸಿಟ್ಟ ಮಾಡ್ಕೋಬ್ಯಾಡ್ರಿ ಚಿಗವ್ವಾ. ಅತ್ತಿ ಮೂರು ಸಲ ಕೇಳಿದ್ರು, ಮಗ್ಗದ ಸಪ್ಪಳದಾಗ ಅರ್ಧಾ ತಿಳೀಲೇ ಇಲ್ಲ. ದವಾಖಾನಿಗೆ ಯಾಕ ತಡಾ ಮಾಡಿದ್ರಿ ಅಂದದ್ದಷ್ಟ ತಿಳೀತು. ಅದನ್ನ ಹಿಡಕೊಂಡು ರಾತ್ರಿಯೆಲ್ಲಾ ಅತ್ತಾರ."

ಕಪಾಳಕ್ಕೆ ಹೊಡೆದಂತಾಯಿತು. ಮಗ್ಗದ ಮನೆಯವರಿಗೆ ಮಗ್ಗದ ಸದ್ದು ಕೇಳಿಸುವುದೇ ಇಲ್ಲ, ಅದು ಇನ್ನೊಬ್ಬರಿಗೆ ಕೇಳಿಸುತ್ತದೆಂಬ ಎಚ್ಚರವೂ ನನಗಿರಲಿಲ್ಲ. ಆ ಮೆಸೇಜನ್ನು ಎರಡೂ ಫೋನಿನಿಂದ ಅಳಿಸಿದೆ. ಅವಳ ಎದೆಯಿಂದ ಅಳಿಸುವ ಗುಂಡಿ ಎಲ್ಲಿದೆ? "ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು" ಎಂದು ನನ್ನ ಯಜಮಾನರು ಬೇರೆ ಚುಚ್ಚಿದರು. ಚುಚ್ಚಲಿ. ಕೆಡಿಸಿದವಳೇ ರಿಪೇರಿ ಮಾಡಬೇಕು ಎಂದು ಹಟ ಹಿಡಿದೆ.

ಎರಡು ತಾಸು ಮನಸ್ಸಿನಲ್ಲೇ ಮಾತು ಸೋಸಿದೆ. ಮಾತಾಡುತ್ತಿರುವುದು ಯಾರೆಂದು ಮೊದಲೇ ಹೇಳಬೇಕು. ಹೋದವರ ಬಗ್ಗೆ ಕಣ್ಣಾರೆ ಕಂಡದ್ದು ಒಂದೇ ಒಂದು. ನನ್ನ ಕೈಲಾಗುವ ಕೆಲಸ ಒಂದು. ಪ್ರಶ್ನೆ ಬೇಡ, ಬುದ್ಧಿ ಬೇಡ, ನಮ್ಮಪ್ಪನ ಕತೆಯಂತೂ ಬೇಡವೇ ಬೇಡ. ಒಂದು ನಿಮಿಷ ಮೀರಬಾರದು. ಚೀಟಿ ಬರೆದುಕೊಂಡು ನೋಡಿದೆ, ಓದಿದರೆ ಶಾಲೆಯ ಮಗು ಪಾಠ ಒಪ್ಪಿಸಿದ ಹಾಗಿತ್ತು. ಹರಿದು ಒಗೆದೆ.

ಕುಂಟುತ್ತ ಶೆಡ್ಡಿನ ಬಾಗಿಲಿಗೆ ಹೋಗಿ ಕೂಗಿದೆ, "ಏನ್ರೀ, ನಾಲ್ಕೂ ಮಗ್ಗ ಬಂದ್ ಮಾಡ್ರಿ."

"ನಡುವ ನಿಂದ್ರಿಸಿದ್ರ ಸೀರಿಗೆ ಅಡ್ಡ ಗೆರಿ ಎಳದಂಗ ಪಟ್ಟಿ ಬೀಳ್ತದ. ಕರೆಂಟ್ ಹೋಗೂ ತನಕಾ ತಡಿ."

"ಕರೆಂಟಿನ ದಾರಿ ಕಾಯ್ದು ದುಃಖ ಹೇಳಲ್ಯಾ?"

"ಹಾಡಹಗಲ ಮಗ್ಗ ನಿಂದ್ರಸಾಕ ನಮ್ಮ ಮನ್ಯಾಗ ಯಾರರ ಸತ್ತಾರೇನ?"

"ಹೂಂ, ಸತ್ತಾರ. ಬಂದ್ ಮಾಡ್ರಿ!"

ಅವರು ನನ್ನ ಮುಖ ನೋಡಿದರು. ಸ್ವಿಚ್ಚಿನ ಕಡೆ ನಡೆದರು. ಒಂದೊಂದಾಗಿ ನಾಲ್ಕೂ ನಿಂತವು. ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲು ಹತ್ತಿರ ಹಿಡಿದೆ.

"ನಾ ಬೇ, ನಿನ್ನ ಬನಹಟ್ಟಿ ಗೆಳತಿ. ದವಾಖಾನಿ ಮಾತು ತಗದದ್ದು ನನ್ನ ತಪ್ಪು. ಮಾಡೂದೆಲ್ಲಾ ಮಾಡೀರಿ ನೀವು. ನಾ ಗಲಗಲಿಗೆ ಬಂದಾಗೆಲ್ಲಾ ನಿಮ್ಮವರು ನನ್ನ ಚೀಲಾ ಹೊತಗೊಂಡು ಬಂದು, ಬಸ್ಸಿನ್ಯಾಗ ಕಿಡಕಿ ಸೀಟು ಹಿಡದು, ಬಸ್ ಬಿಡೂ ತನಕಾ ನಿಂದರ್ತಿದ್ರು. ಅದನ್ನ ನಾ ಮರಿಯಾಂಗಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನಾನ ಬರ್ತೀನಿ, ಎರಡು ದಿನಾ ನಿನ್ನ ಹಂತ್ಯಾಕ ಇರ್ತೀನಿ. ಇದಕ್ಕ ನೀ ಏನೂ ಹೇಳೂದು ಬ್ಯಾಡ."

ಐವತ್ತು ಸೆಕೆಂಡೂ ಆಗಿರಲಿಲ್ಲ. ಕಳಿಸುವ ಮೊದಲು ಒಮ್ಮೆ ಕೇಳಿಸಿಕೊಂಡೆ. ನನ್ನ ದನಿ, ಗೋಡೆ ಗಡಿಯಾರ, ಬೇರೇನೂ ಇಲ್ಲ. ಕಳಿಸಿದೆ. ಮಗ್ಗಗಳು ಮತ್ತೆ ಶುರುವಾದವು. ಸೀರೆಗಳಿಗೆ ಪಟ್ಟಿ ಬಿದ್ದೇ ಬಿತ್ತು.

ಉತ್ತರ ಬೇಡವೆಂದು ನಾನೇ ಹೇಳಿದ್ದರೂ ಎರಡು ದಿನ ಮೊಬೈಲು ದಿಂಬಿನ ಪಕ್ಕದಲ್ಲೇ ಇತ್ತು. ಮೂರನೆಯ ದಿನ ಅವಳ ದನಿ ಬಂತು. ಮೊದಲು ಬರೀ ಉಸಿರು.

"ಈ ಸಲ ಸಪ್ಪಳನ ಇರಲಿಲ್ಲ. ಹಗಲೊತ್ತು ಮಗ್ಗ ಬಂದ್ ಮಾಡಿಸಿಯಲ್ಲಬೇ... ನಮ್ಮವರ ಸಲುವಾಗಿ." ಮೂಗು ಎಳೆದುಕೊಂಡಳು. "ನೀ ಮಣ್ಣಿಗೆ ಬಂದಂಗಾತು."